ಬಾಂಡ್ ಬೆಲೆ 100ರಿಂದ 93ಕ್ಕೆ ಇಳಿದಿದೆ, ನನ್ನ ದುಡ್ಡು ಎಲ್ಲಿ ಹೋಯ್ತು?

ತೀರ್ಥಹಳ್ಳಿ ಕಡೆಯಿಂದ ಒಬ್ಬರು ಟೀಚರ್ ಕೇಳಿದ್ದಾರೆ. ಈಗ ನಿವೃತ್ತರು, ಮನೆಯಲ್ಲಿ ಸ್ವಲ್ಪ ಅಡಿಕೆ ತೋಟ ಇದೆ. ಮಂಡಿಯಿಂದ ಬಂದ ದುಡ್ಡಿನಲ್ಲಿ ಒಂದು ಲಕ್ಷ ತೆಗೆದು, ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಖಾತೆಯಲ್ಲಿ ಕೇಂದ್ರ ಸರ್ಕಾರದ ಬಾಂಡ್ ಕೊಂಡಿದ್ದಾರೆ. "ಕೊಂಡಾಗ 100 ರೂಪಾಯಿ ಇತ್ತು. ಬಡ್ಡಿ ಶೇ 7, ಆರು ತಿಂಗಳಿಗೊಮ್ಮೆ ತಪ್ಪದೆ ಬರ್ತಿದೆ. ಮೊನ್ನೆಯೂ ಬಂತು. ಇನ್ನು 10 ವರ್ಷ ಬಾಕಿ. ಆದರೆ ಬೆಲೆ ನೋಡಿದರೆ 93 ರೂಪಾಯಿ 20 ಪೈಸೆ ಅಂತಿದೆ. ಅಡಿಕೆ ದರ ಬೀಳೋದು ನನಗೆ ಅರ್ಥ ಆಗತ್ತೆ. ಸರ್ಕಾರ ಕೊಡ್ತೀನಿ ಅಂದಿದ್ದನ್ನ ಕೊಡ್ತಾನೇ ಇದೆಯಲ್ಲ, ಇದು ಯಾಕೆ ಬಿತ್ತು? ಮಾರಿ ಹೊಸದು ತಗೊಳ್ಳಲಾ?"

ಒಳ್ಳೆಯ ಪ್ರಶ್ನೆ. ಉತ್ತರ ಪೂರ್ತಿ ಲೆಕ್ಕದಲ್ಲೇ ಇದೆ, ಅದೂ ಭಾಗಾಕಾರ ಬಂದರೆ ಸಾಕು ಅನ್ನುವಷ್ಟು ಲೆಕ್ಕ. ಪೆನ್ನು ಕಾಗದ ಹಿಡಿದು ಕೂತರೆ ಇನ್ನೂ ಒಳ್ಳೆಯದು.

ಅಮ್ಮ, ನಿಮ್ಮ ಕೈಲಿರುವುದು ಏನು ಅಂತ ಮೊದಲು ನೋಡೋಣ. 100 ರೂಪಾಯಿ ಮುಖಬೆಲೆಯ ಬಾಂಡ್ ಅಂದರೆ ಎರಡು ಮಾತು. ಆರು ತಿಂಗಳಿಗೊಮ್ಮೆ ಮೂರೂವರೆ ರೂಪಾಯಿ, ಒಟ್ಟು 20 ಸಲ. ಕೊನೆಯ ದಿನ 100 ರೂಪಾಯಿ ವಾಪಸ್. ಆ ಮೂರೂವರೆಗೆ ಕೂಪನ್ ಅನ್ನುತ್ತಾರೆ. ಬಾಂಡ್ ಹೊರಟ ದಿನವೇ ಅದು ಬರೆದಿಟ್ಟಾಗಿದೆ. ದೇಶದಲ್ಲಿ ಬಡ್ಡಿ ಏರಲಿ ಇಳಿಯಲಿ, ಮೂರೂವರೆ ಮೂರೂವರೆಯೇ.

ಯೀಲ್ಡ್ ಬೇರೆ. ಈ ಹೊತ್ತು ಇಂಥದ್ದೇ ಬಾಂಡಿಗೆ ದುಡ್ಡು ಹಾಕುವವರು ವರ್ಷಕ್ಕೆ ಎಷ್ಟು ಗಿಟ್ಟಬೇಕು ಅಂತ ಕೇಳುತ್ತಿದ್ದಾರೋ ಅದು ಯೀಲ್ಡ್. ಇದು ದಿನಾ ಬದಲಾಗುತ್ತದೆ. ನೀವು ಕೊಂಡಾಗ ಶೇ 7 ಇತ್ತು, ಅದಕ್ಕೇ ನಿಮ್ಮ ಬಾಂಡ್ ಸರಿಯಾಗಿ 100ಕ್ಕೆ ಸಿಕ್ಕಿತು. ಈಗ ಶೇ 8 ಆಗಿದೆ. 10 ವರ್ಷದ ಹೊಸ ಬಾಂಡ್ 100 ರೂಪಾಯಿಗೆ ಆರು ತಿಂಗಳಿಗೊಮ್ಮೆ 4 ರೂಪಾಯಿ ಕೊಡುತ್ತಿದೆ ಅಂತ ಅರ್ಥ. ಕೊಡುವವರು ಅದೇ ಸರ್ಕಾರ, ಅವಧಿಯೂ ಅಷ್ಟೇ. ಹಾಗಿರುವಾಗ ಮೂರೂವರೆ ಕೊಡುವ ನಿಮ್ಮ ಬಾಂಡಿಗೆ ಯಾರು 100 ಕೊಡುತ್ತಾರೆ?

ಯಾರೂ ಕೊಡಲ್ಲ. ಕೂಪನ್ ತಿದ್ದುವ ಹಾಗಿಲ್ಲ, ಅವಧಿ ತಿದ್ದುವ ಹಾಗಿಲ್ಲ, ಕೊನೆಗೆ ಬರುವ 100 ತಿದ್ದುವ ಹಾಗಿಲ್ಲ. ಅಲುಗಾಡಬಲ್ಲದ್ದು ಬೆಲೆ ಒಂದೇ. ಅದು ಇಳಿಯಬೇಕು. ಎಷ್ಟು ಇಳಿಯಬೇಕು ಅನ್ನುವುದೇ ಲೆಕ್ಕ.

20 ಕಂತು ಕೈಲಿ ಮಾಡುವುದು ಬೇಸರ. ಚಿಕ್ಕದೊಂದು ಬಾಂಡ್ ತಗೊಳ್ಳೋಣ: 3 ವರ್ಷ, ವರ್ಷಕ್ಕೊಮ್ಮೆ 7 ರೂಪಾಯಿ, ಕೊನೆಗೆ 100. ಮಾರುಕಟ್ಟೆ ಕೇಳುವುದು ಶೇ 8.

ಒಂದು ವರ್ಷದ ಮೇಲೆ 7 ರೂಪಾಯಿ ಬರಬೇಕು ಅಂದರೆ, ಇವತ್ತು ಶೇ 8ರಲ್ಲಿ ಎಷ್ಟು ಇಡಬೇಕು? 7ನ್ನು 1.08ರಿಂದ ಭಾಗಿಸಿ. 6.48 ಬಂತು. 6.48 ಇಟ್ಟರೆ ವರ್ಷಕ್ಕೆ 7 ಆಗುತ್ತದೆ. ಎರಡನೇ ವರ್ಷದ 7 ಇನ್ನೂ ದೂರದ್ದು, ಹಾಗಾಗಿ 1.08ರಿಂದ ಎರಡು ಸಲ ಭಾಗಿಸಬೇಕು. ಸರಿಯಾಗಿ 6 ರೂಪಾಯಿ ಬರುತ್ತದೆ. ಮೂರನೇ ವರ್ಷ 7ರ ಜೊತೆ 100 ಸೇರಿ 107. ಮೂರು ಸಲ ಭಾಗಿಸಿದರೆ 84.94. ಮೂರನ್ನೂ ಕೂಡಿ: 97 ರೂಪಾಯಿ 42 ಪೈಸೆ. ಅದೇ ಬಾಂಡಿನ ಬೆಲೆ. ಬಾಂಡ್ ಬೆಲೆ ಕಟ್ಟುವುದು ಅಂದರೆ ಇಷ್ಟೇ. ಮುಂದೆ ಬರುವ ಪ್ರತಿ ಕಂತನ್ನೂ ಇವತ್ತಿನ ಲೆಕ್ಕಕ್ಕೆ ತಂದು ಕೂಡುವುದು.

ಈಗ 1.08 ತೆಗೆದು 1.07 ಹಾಕಿ ನೋಡಿ. ಮೊತ್ತ 100 ಆಗುತ್ತದೆ. 1.06 ಹಾಕಿದರೆ 102.67. ಯೀಲ್ಡ್ ಕೂತಿರುವುದು ಭಾಗಾಕಾರದ ಕೆಳಗಡೆ. ಕೆಳಗಿನದು ದೊಡ್ಡದಾದರೆ ಉತ್ತರ ಚಿಕ್ಕದು, ಕೆಳಗಿನದು ಚಿಕ್ಕದಾದರೆ ಉತ್ತರ ದೊಡ್ಡದು. ಯೀಲ್ಡ್ ಏರಿದಾಗ ಬೆಲೆ ಇಳಿಯುವುದಕ್ಕೆ ಇದರಾಚೆ ಗುಟ್ಟೇನೂ ಇಲ್ಲ. ಒಂದೇ ವಹಿವಾಟನ್ನು ಎರಡು ಬದಿಯಿಂದ ಹೇಳಿದಂತೆ.

ನಿಮ್ಮ 10 ವರ್ಷದ ಬಾಂಡಿಗೂ ಇದೇ ದಾರಿ. ಆರು ತಿಂಗಳ ಕಂತು ಅಂದಮೇಲೆ ದರವೂ ಅರ್ಧ, ಅಂದರೆ ಶೇ 4. ಕಂತು 20. ಎಕ್ಸೆಲ್ ಇದ್ದರೆ ಒಂದು ಸಾಲು ಸಾಕು:

```
=PV(8%/2, 20, -3.5, -100)
```

93.20 ಬರುತ್ತದೆ. ನೀವು ತೆರೆಯ ಮೇಲೆ ನೋಡಿದ ಅದೇ ಅಂಕಿ.

ಹಾಗಾದರೆ ಆ 6 ರೂಪಾಯಿ 80 ಪೈಸೆ ಏನಾಯಿತು? ನನಗೆ ಬಹಳ ಇಷ್ಟವಾದ ಲೆಕ್ಕ ಇದು. ಹೊಸ ಬಾಂಡ್ 4 ಕೊಡುತ್ತದೆ, ನಿಮ್ಮದು ಮೂರೂವರೆ. ಕಂತಿಗೆ 50 ಪೈಸೆ ಕಮ್ಮಿ. ನಿಮ್ಮ ಒಂದು ಲಕ್ಷಕ್ಕೆ ಲೆಕ್ಕ ಹಾಕಿದರೆ ಆರು ತಿಂಗಳಿಗೊಮ್ಮೆ 500 ರೂಪಾಯಿ, 20 ಸಲ. ಒಟ್ಟು 10,000. ಆದರೆ ಅದು ಒಂದೇ ದಿನ ಬಿಟ್ಟುಹೋಗುವ ದುಡ್ಡಲ್ಲ, 10 ವರ್ಷದ ಉದ್ದಕ್ಕೂ ಬಿಟ್ಟುಹೋಗುವ ದುಡ್ಡು. ಮೇಲಿನಂತೆಯೇ ಪ್ರತಿ 500ನ್ನೂ ಇವತ್ತಿನ ಲೆಕ್ಕಕ್ಕೆ ತಂದು ಕೂಡಿದರೆ 6,795 ರೂಪಾಯಿ. ನಿಮ್ಮ ಲಕ್ಷದ ಬಾಂಡಿನ ಬೆಲೆ ಇವತ್ತು 93,205. ಎರಡನ್ನೂ ಕೂಡಿ ನೋಡಿ.

ಸರಿಯಾಗಿ ಒಂದು ಲಕ್ಷ. ಬೆಲೆಯಲ್ಲಿ ಇಳಿದದ್ದು ಅಷ್ಟೂ ನಿಮಗೆ ಮುಂದೆ ಸಿಗದೆ ಹೋಗುವ ಆ ಐನೂರುಗಳೇ. ಅದನ್ನು ಮಾರುಕಟ್ಟೆ ಇವತ್ತೇ ಲೆಕ್ಕಕ್ಕೆ ತೆಗೆದುಕೊಂಡು ತೋರಿಸಿದೆ.

ಇದು ಗೊತ್ತಾದರೆ ಇನ್ನೊಂದು ವಿಷಯ ತಾನಾಗಿ ತಿಳಿಯುತ್ತದೆ. ಕಂತು ಜಾಸ್ತಿ ಬಾಕಿ ಇದ್ದಷ್ಟೂ ಬಿಟ್ಟುಹೋಗುವ ಐವತ್ತು ಪೈಸೆಗಳೂ ಜಾಸ್ತಿ. ಶೇ 7ರ ಬಾಂಡ್, ಯೀಲ್ಡ್ ಶೇ 8, ಆರು ತಿಂಗಳ ಕಂತು ಅಂತ ಇಟ್ಟುಕೊಂಡರೆ, 3 ವರ್ಷ ಬಾಕಿ ಇದ್ದದ್ದು 97.38ಕ್ಕೆ ನಿಲ್ಲುತ್ತದೆ. ನಿಮ್ಮ 10 ವರ್ಷದ್ದು 93.20ಕ್ಕೆ. 30 ವರ್ಷದ್ದು 88.69ಕ್ಕೆ ಹೋಗುತ್ತದೆ. ಸರ್ಕಾರಿ ಬಾಂಡ್ ಅಂದಮೇಲೆ ಎಲ್ಲವೂ ಒಂದೇ ಅಂದುಕೊಂಡು, ಮೂರು ವರ್ಷದಲ್ಲಿ ಮಗಳ ಮದುವೆಗೆ ಬೇಕಾದ ದುಡ್ಡನ್ನು 30 ವರ್ಷದ ಬಾಂಡಿಗೆ ಹಾಕಿದರೆ ತೊಂದರೆ ಆಗುವುದು ಇಲ್ಲೇ. ಬಡ್ಡಿ ತಪ್ಪದೆ ಬರುತ್ತದೆ. ಬೇಕಾದ ದಿನ ಮಾರಲು ಹೋದರೆ ಬೆಲೆ ಇರುವುದಿಲ್ಲ.

ಇದು ಬರೀ ಕಾಗದದ ಮೇಲಿನ ಮಾತೂ ಅಲ್ಲ. 2021ರ ಜುಲೈನಲ್ಲಿ ಸರ್ಕಾರ ಶೇ 6.10 ಕೂಪನ್ನಿನ 10 ವರ್ಷದ ಬಾಂಡ್ ಹೊರಡಿಸಿತು. 2022ರ ಮೇ ತಿಂಗಳಿಂದ ರಿಸರ್ವ್ ಬ್ಯಾಂಕ್ ರೆಪೋ ದರ, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಏರಿಸಲು ಶುರು ಮಾಡಿತು. 2023ರ ಫೆಬ್ರುವರಿ ಹೊತ್ತಿಗೆ ಶೇ 4 ಇದ್ದದ್ದು ಶೇ 6.5 ಆಗಿತ್ತು. 2022ರ ಜೂನ್‌ನಲ್ಲಿ 10 ವರ್ಷದ ಯೀಲ್ಡ್ ಶೇ 7.5 ದಾಟಿತ್ತು. ಒಂಬತ್ತು ವರ್ಷ ಬಾಕಿ ಇರುವ ಶೇ 6.10ರ ಬಾಂಡಿಗೆ ಶೇ 7.5 ಹಾಕಿ ನೀವೇ ಮೇಲಿನ ಸೂತ್ರ ಹಾಕಿ ನೋಡಿ. ಸುಮಾರು 91 ರೂಪಾಯಿ ಬರುತ್ತದೆ.

ಯೀಲ್ಡ್ ಇಳಿದರೆ ಇದೇ ಲೆಕ್ಕ ನಿಮ್ಮ ಕಡೆಗೆ ತಿರುಗುತ್ತದೆ. ಶೇ 6ಕ್ಕೆ ಬಂದರೆ ನಿಮ್ಮ ಬಾಂಡ್ 107.44 ಆಗುತ್ತದೆ. ಒಂದು ಪರ್ಸೆಂಟ್ ಏರಿದಾಗ ಕಳೆದದ್ದು 6.80, ಒಂದು ಪರ್ಸೆಂಟ್ ಇಳಿದಾಗ ಬರುವುದು 7.44. ಸ್ವಲ್ಪ ಜಾಸ್ತಿಯೇ. ಭಾಗಿಸುವ ಸಂಖ್ಯೆ ಚಿಕ್ಕದಾಗುತ್ತಾ ಹೋದಂತೆ ಉತ್ತರ ಬೇಗ ಬೇಗ ದೊಡ್ಡದಾಗುವುದರಿಂದ ಹೀಗೆ.

ಎರಡು ಕಡೆ ಜನ ಎಡವುತ್ತಾರೆ. ಒಂದು, 93.20 ಕೊಟ್ಟು ಕೊಂಡವರು 7ನ್ನು 93.20ರಿಂದ ಭಾಗಿಸಿ "ನನಗೆ ಶೇ 7.5 ಸಿಕ್ಕಿತು" ಅನ್ನುತ್ತಾರೆ. ಅರ್ಧ ಲೆಕ್ಕ ಅದು. ಕೊನೆಗೆ 100 ಬರುತ್ತದಲ್ಲ, 93.20ರ ಮೇಲಿನ ಆ 6.80 ಕೂಡ ಅವರದ್ದೇ. ಅದೂ ಸೇರಿಯೇ ಶೇ 8. ಎರಡನೆಯದು, ತೆರೆಯಲ್ಲಿ ಕಾಣುವ ಬೆಲೆಗೂ ಖಾತೆಯಿಂದ ಹೋಗುವ ದುಡ್ಡಿಗೂ ವ್ಯತ್ಯಾಸ ಬರುತ್ತದೆ. ಹಿಂದಿನ ಕೂಪನ್ ಆಗಿ ಎರಡು ತಿಂಗಳಾಗಿದ್ದರೆ ಆ ಎರಡು ತಿಂಗಳ ಬಡ್ಡಿ ಮಾರುವವರಿಗೆ ಸೇರಬೇಕು, ನ್ಯಾಯ ಅಲ್ವಾ? ಸರ್ಕಾರಿ ಬಾಂಡಿನಲ್ಲಿ ತಿಂಗಳಿಗೆ 30 ದಿನ, ವರ್ಷಕ್ಕೆ 360 ದಿನ ಅಂತ ಹಿಡಿಯುತ್ತಾರೆ. 7 ರೂಪಾಯಿಯ 60 ದಿನದ ಪಾಲು 1.17. ಕೊಳ್ಳುವವರು ಬೆಲೆಯ ಮೇಲೆ ಅದನ್ನೂ ಕೊಡುತ್ತಾರೆ, ಮುಂದಿನ ಕೂಪನ್ ಪೂರ್ತಿ ಅವರಿಗೇ ಬರುತ್ತದೆ. ನಿಮಗೆ ಮೊನ್ನೆಯಷ್ಟೇ ಕೂಪನ್ ಬಂದಿರುವುದರಿಂದ ಈ ಗೋಜಲು ಸದ್ಯಕ್ಕಿಲ್ಲ.

"ಪಕ್ಕದ ಮನೆಯವರ ಬಾಂಡಿಗೆ ಹೀಗೇನೂ ಆಗಿಲ್ಲ" ಅಂತಲೂ ಬರೆದಿದ್ದೀರಿ. ಅವರದ್ದು ಸರ್ಕಾರ ರಿಸರ್ವ್ ಬ್ಯಾಂಕಿನ ಮೂಲಕ ಹೊರಡಿಸುವ ಫ್ಲೋಟಿಂಗ್ ರೇಟ್ ಸೇವಿಂಗ್ಸ್ ಬಾಂಡ್. ಅದರ ಬಡ್ಡಿ ಆರು ತಿಂಗಳಿಗೊಮ್ಮೆ ಬದಲಾಗುತ್ತದೆ, ಬೇರೆಯವರಿಗೆ ಮಾರುವ ಹಾಗೂ ಇಲ್ಲ. ಮಾರಲು ಬಾರದ್ದಕ್ಕೆ ಮಾರುಕಟ್ಟೆ ಬೆಲೆ ಎಲ್ಲಿಂದ ಬರಬೇಕು? ನಿಮ್ಮದು ಕೂಪನ್ ಬಿಗಿ, ಬೆಲೆ ಸಡಿಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಮಾರದೆ ಇಟ್ಟುಕೊಂಡರೆ ಬೆಲೆ ಮತ್ತೆ 100ರ ಕಡೆಗೆ ನಡೆಯುತ್ತದೆ. ಯೀಲ್ಡ್ ಶೇ 8ರಲ್ಲೇ ನಿಂತಿದ್ದರೂ, 5 ವರ್ಷ ಬಾಕಿ ಇರುವಾಗ 95.94, ಒಂದು ವರ್ಷ ಬಾಕಿ ಇರುವಾಗ 99.06, ಕೊನೆಯ ದಿನ 100. ಬಾಕಿ ಕಂತು ಕಮ್ಮಿಯಾದ ಹಾಗೆ ಬಿಟ್ಟುಹೋಗುವ ಐನೂರುಗಳೂ ಕಮ್ಮಿಯಾಗುತ್ತವೆ, ಅದಕ್ಕೆ.

ಮಾರಿ ಶೇ 8ರ ಹೊಸದು ಕೊಂಡರೆ? ಕೈಗೆ 93,205 ಬರುತ್ತದೆ. ಅಷ್ಟಕ್ಕೂ ಹೊಸ ಬಾಂಡ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಆರು ತಿಂಗಳಿಗೊಮ್ಮೆ 3,728 ಬರುತ್ತದೆ. ಈಗ ಬರುತ್ತಿರುವುದು 3,500. ಕಂತಿಗೆ 228 ಜಾಸ್ತಿ. ಆದರೆ 10 ವರ್ಷದ ಕೊನೆಗೆ ಕೈಗೆ ಬರುವುದು ಒಂದು ಲಕ್ಷ ಅಲ್ಲ, ಅದೇ 93,205. ಜಾಸ್ತಿ ಬರುವ 20 ಕಂತನ್ನು ಇವತ್ತಿನ ಲೆಕ್ಕಕ್ಕೆ ತಂದರೆ 3,101 ರೂಪಾಯಿ. ಕೊನೆಗೆ ಕಮ್ಮಿಯಾಗುವ 6,795ನ್ನು ಇವತ್ತಿನ ಲೆಕ್ಕಕ್ಕೆ ತಂದರೂ 3,101 ರೂಪಾಯಿ. ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಸಣ್ಣ ಮೊತ್ತದ ಬಾಂಡಿಗೆ ತೆರೆಯಲ್ಲಿ ಕಂಡ ಬೆಲೆಗೇ ಕೊಳ್ಳುವವರು ಸಿಗುವುದು ಕಷ್ಟ. 93.20ರ ಬದಲು 92.70ಕ್ಕೆ ಕೊಟ್ಟರೆ ನಿಮ್ಮ ಲಕ್ಷಕ್ಕೆ 500 ರೂಪಾಯಿ ಅಲ್ಲೇ ಹೋಯಿತು. ಆ ದುಡ್ಡು ಬೇರೆ ಕೆಲಸಕ್ಕೆ ಬೇಕಿಲ್ಲ ಅಂದರೆ ನಾನಾದರೆ ಮಾರಲ್ಲ, ಅಮ್ಮ.