ಹಾಡಿನ ಆ್ಯಪ್‌ನಲ್ಲಿ ಡೇಟಾ ತಿನ್ನುವುದು ಯಾವುದು?

ಮೊಬೈಲ್ ದುರಸ್ತಿಗೆಂದು ನಮ್ಮ ಬಾಗಲಕೋಟೆಯ ಅಂಗಡಿಗೆ ಬರುವವರಲ್ಲಿ ಕೆಲವರು, ಹಾಡು ಕೇಳುವಾಗ ಪರದೆಯ ಮೇಲೆ ತಾನಾಗಿಯೇ ಓಡುವ ಚಿತ್ರವನ್ನು ನಿಲ್ಲಿಸಿ ಕೊಡಿ, ಅದೇ ನೆಟ್ ಖಾಲಿ ಮಾಡುತ್ತಿದೆ ಎಂದು ಕೇಳುತ್ತಾರೆ. ನಿಲ್ಲಿಸಿ ಕೊಡುವುದು ಅರ್ಧ ನಿಮಿಷದ ಕೆಲಸ. ಆದರೆ ಹಾಡಿನ ಆ್ಯಪ್‌ಗಳಲ್ಲಿ ಈಗ ಎರಡು ಬಗೆಯ ಚಲಿಸುವ ಚಿತ್ರಗಳಿದ್ದು, ಅವು ಡೇಟಾ ಬಳಸುವ ರೀತಿಯೇ ಬೇರೆ ಬೇರೆಯಾಗಿದೆ. ಈ ವ್ಯತ್ಯಾಸ ತಿಳಿಯದೆ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಹಾಗೆಯೇ ಬಿಟ್ಟವರು, ಮರುವಾರ ಅದೇ ದೂರಿನೊಂದಿಗೆ ಮತ್ತೆ ಬರುತ್ತಾರೆ.

ಮೊದಲನೆಯದು ಮರಳಿ ಮರಳಿ ಓಡುವ ಸಣ್ಣ ತುಣುಕು. ಸ್ಪಾಟಿಫೈನಲ್ಲಿ ಇದಕ್ಕೆ Canvas ಎಂಬ ಹೆಸರಿದೆ. ಕಲಾವಿದರ ಕಡೆಯವರು ಹಾಡಿಗೆ ಜೋಡಿಸುವ ಈ ತುಣುಕು 3 ರಿಂದ 8 ಸೆಕೆಂಡಿನಷ್ಟು ಉದ್ದವಿದ್ದು, ಫೋನಿನ ಪರದೆಗೆ ಹೊಂದುವಂತೆ ಉದ್ದುದ್ದವಾಗಿರುತ್ತದೆ; ಅದಕ್ಕೆ ತನ್ನದೇ ಧ್ವನಿ ಇರುವುದಿಲ್ಲ. ಹಾಡು ನಾಲ್ಕು ನಿಮಿಷ ನಡೆದರೆ ತುಣುಕು ಹತ್ತಾರು ಸಲ ಸುತ್ತುತ್ತದೆ. ನೋಡುವವರಿಗೆ ಪ್ರತಿ ಸುತ್ತಿಗೂ ಡೇಟಾ ಹೋಗುತ್ತಿದೆ ಎನಿಸುವುದು ಸಹಜ. ವಾಸ್ತವದಲ್ಲಿ ಫೋನು ಅದನ್ನು ಒಮ್ಮೆ ತರಿಸಿಕೊಂಡು ತನ್ನಲ್ಲೇ ತಾತ್ಕಾಲಿಕವಾಗಿ ಇಟ್ಟುಕೊಳ್ಳುತ್ತದೆ, ಮುಂದಿನ ಸುತ್ತುಗಳು ಅಲ್ಲಿಂದಲೇ ಓಡುತ್ತವೆ. ಆದ್ದರಿಂದ ಇದರ ಖರ್ಚನ್ನು ನಿಮಿಷದ ಲೆಕ್ಕದಲ್ಲಿ ಅಲ್ಲ, ಹಾಡಿನ ಲೆಕ್ಕದಲ್ಲಿ ಹಾಕಬೇಕು. ಒಂದೇ ಹಾಡನ್ನು ಪೂರ್ತಿ ಕೇಳುವವರಿಗೆ ಇದು ಭಾರವಲ್ಲ. ಹತ್ತು ಸೆಕೆಂಡಿಗೊಮ್ಮೆ ಮುಂದಿನ ಹಾಡಿಗೆ ಜಿಗಿಯುವವರಿಗೆ ಮಾತ್ರ ಪ್ರತಿ ಜಿಗಿತಕ್ಕೂ ಹೊಸ ತುಣುಕು ಬಂದು ಇಳಿಯುತ್ತದೆ.

ಎರಡನೆಯದು ಹಾಡಿನ ಪೂರ್ತಿ ವಿಡಿಯೋ. ಹಾಡು ಎಷ್ಟು ಹೊತ್ತು ನಡೆಯುತ್ತದೆಯೋ ಅಷ್ಟು ಹೊತ್ತೂ ಹೊಸ ಚಿತ್ರ ಬರುತ್ತಲೇ ಇರಬೇಕಾದ್ದರಿಂದ ಇಲ್ಲಿ ಖರ್ಚು ನಿಮಿಷದೊಂದಿಗೆ ಏರುತ್ತದೆ.

ಲೆಕ್ಕ ಹಾಕಿ ನೋಡಿದರೆ ಅಂತರ ತಿಳಿಯುತ್ತದೆ. ಮುಧೋಳದಿಂದ ನವನಗರದ ಕಾಲೇಜಿಗೆ ದಿನಾಲೂ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿನಿಯೊಬ್ಬಳು ಈಚೆಗೆ ಬಂದಿದ್ದಳು. "ಸರ್, ಬಸ್ಸಿನ್ಯಾಗ ಬರೇ ಹಾಡು ಕೇಳತೀನ್ರಿ, ಸಂಜೀಕ ಮನಿ ಮುಟ್ಟೂದ್ರಾಗ ನೆಟ್ ಖಾಲಿ ಆಗಿರತೈತ್ರಿ" ಎಂಬುದು ಅವಳ ದೂರು. ಅವಳದು ದಿನಕ್ಕೆ 1.5 ಜಿಬಿಯ ಪ್ಲ್ಯಾನು. ಹೋಗಿ ಬರುವುದು ಸೇರಿ ಎರಡೂವರೆ ಗಂಟೆ, ಅಂದರೆ 150 ನಿಮಿಷದ ಹಾಡು. ಸೆಕೆಂಡಿಗೆ 96 ಕಿಲೋಬಿಟ್ ಗುಣಮಟ್ಟದಲ್ಲಿ ಬರೀ ಧ್ವನಿ ಕೇಳಿದರೆ ನಿಮಿಷಕ್ಕೆ 0.72 ಎಂಬಿ ಬೇಕು, ಒಟ್ಟು 108 ಎಂಬಿ. ಇದರ ಜೊತೆಗೆ ಸುತ್ತುವ ತುಣುಕುಗಳೂ ಇದ್ದವೆಂದುಕೊಳ್ಳೋಣ. ಒಂದು ತುಣುಕಿಗೆ ಒಂದೂವರೆ ಎಂಬಿ ಹಿಡಿದರೂ, ಮೂವತ್ತೇಳು ಮೂವತ್ತೆಂಟು ಹಾಡಿಗೆ ಸುಮಾರು 55 ಎಂಬಿ ಆಗುತ್ತದೆ. ಅದೂ ಅವಳು ಹಾಡಿನ ಪರದೆಯನ್ನು ದಾರಿಯುದ್ದಕ್ಕೂ ತೆರೆದಿಟ್ಟರೆ ಮಾತ್ರ. ಫೋನನ್ನು ಲಾಕ್ ಮಾಡಿ ಬ್ಯಾಗಿನಲ್ಲಿಟ್ಟರೆ ತುಣುಕು ತೋರಿಸುವ ಸಂದರ್ಭವೇ ಬರುವುದಿಲ್ಲ. ಎರಡೂ ಸೇರಿ 165 ಎಂಬಿ ದಾಟದು.

ಅವಳ ಫೋನಿನಲ್ಲಿ ಆ ಒಂದೇ ಆ್ಯಪ್ ದಿನಕ್ಕೆ ಒಂದು ಜಿಬಿಗೂ ಹೆಚ್ಚು ಬಳಸುತ್ತಿತ್ತು. ಇಷ್ಟು ದೊಡ್ಡ ಅಂಕಿ ಕಂಡ ಕೂಡಲೇ ಪೂರ್ತಿ ವಿಡಿಯೋ ಓಡುತ್ತಿದೆ ಎಂದು ಊಹಿಸಬಹುದು. ಸಾಧಾರಣ ಸ್ಪಷ್ಟತೆಯ ವಿಡಿಯೋ ಸೆಕೆಂಡಿಗೆ ಸುಮಾರು ಒಂದು ಮೆಗಾಬಿಟ್ ಬಳಸುತ್ತದೆ ಎಂದಿಟ್ಟುಕೊಂಡರೆ ನಿಮಿಷಕ್ಕೆ 7.5 ಎಂಬಿ, 150 ನಿಮಿಷಕ್ಕೆ 1,125 ಎಂಬಿ ಆಗುತ್ತದೆ. ತೆರೆದು ನೋಡಿದರೆ ಆಗಿದ್ದೂ ಅದೇ: ಅವಳು ಕೇಳುತ್ತಿದ್ದ ಪಟ್ಟಿಯಲ್ಲಿದ್ದವೆಲ್ಲ ಹಾಡಿನ ವಿಡಿಯೋ ಪ್ರತಿಗಳು. ಪರದೆಯ ಬೆಳಕು ತಗ್ಗಿಸಿ, ಫೋನನ್ನು ತೊಡೆಯ ಮೇಲೆ ಮಗುಚಿಟ್ಟು ಕೇಳುತ್ತಿದ್ದುದರಿಂದ, ವಿಡಿಯೋ ಓಡುತ್ತಿರುವುದು ಅವಳ ಗಮನಕ್ಕೇ ಬಂದಿರಲಿಲ್ಲ. ಪರದೆ ಮಗುಚಿದರೂ ಅದು ಆರಿರದಿದ್ದರೆ ವಿಡಿಯೋ ಬರುತ್ತಲೇ ಇರುತ್ತದೆ.

ಇನ್ನು ನಿಲ್ಲಿಸುವ ಬಗೆ. ಸ್ಪಾಟಿಫೈನಲ್ಲಿ ಮೇಲಿನ ಮೂಲೆಯಲ್ಲಿರುವ ನಿಮ್ಮ ಚಿತ್ರವನ್ನು ಒತ್ತಿ Settings and privacy ತೆರೆದು, ಅದರೊಳಗೆ Content and display ಎಂಬಲ್ಲಿಗೆ ಹೋದರೆ Canvas ಸ್ವಿಚ್ ಸಿಗುತ್ತದೆ. ಹಳೆಯ ಆವೃತ್ತಿಗಳಲ್ಲಿ ಇದು Playback ಅಡಿಯಲ್ಲಿದೆ. ಅದನ್ನು ಆಫ್ ಮಾಡಿದ ಮೇಲೆ ತುಣುಕಿನ ಜಾಗದಲ್ಲಿ ಆಲ್ಬಂನ ಮುಖಚಿತ್ರ ಅಲುಗಾಡದೆ ನಿಲ್ಲುತ್ತದೆ. ಹಾಡಿಗೆ ವಿಡಿಯೋ ಇದ್ದು ಅದು ಓಡುತ್ತಿದ್ದರೆ, ಅದೇ ಪರದೆಯಲ್ಲಿ Switch to audio ಒತ್ತಿ ಧ್ವನಿಗೆ ಮರಳಬಹುದು. ಯೂಟ್ಯೂಬ್ ಮ್ಯೂಸಿಕ್‌ನಲ್ಲಿ ಪ್ರೀಮಿಯಂ ಇದ್ದವರಿಗೆ ಸೆಟ್ಟಿಂಗ್ಸ್‌ನಲ್ಲಿ Don't play music videos ಎಂಬ ಆಯ್ಕೆ ಇದೆ. ಹಣ ಕಟ್ಟದವರು ಹಾಡು ಹುಡುಕಿದ ಮೇಲೆ ಬರುವ ಫಲಿತಾಂಶದಲ್ಲಿ Videos ಬಿಟ್ಟು Songs ವಿಭಾಗದಿಂದ ಹಾಡನ್ನು ಆರಿಸಿಕೊಂಡರೆ, ನಿಂತ ಚಿತ್ರದ ಪ್ರತಿ ಸಿಗುತ್ತದೆ, ಖರ್ಚು ಬಹಳಷ್ಟು ಇಳಿಯುತ್ತದೆ. ಮುಧೋಳದ ಹುಡುಗಿಗೂ ಪಟ್ಟಿಯಲ್ಲಿದ್ದ ವಿಡಿಯೋ ಪ್ರತಿಗಳನ್ನು ತೆಗೆದು ಧ್ವನಿಯ ಪ್ರತಿಗಳನ್ನು ಸೇರಿಸಿಕೊಳ್ಳಲು ಹೇಳಿದೆ. ಅಷ್ಟು ಹಾಡನ್ನು ಮತ್ತೆ ಹುಡುಕುವುದು ಬೇಸರದ ಕೆಲಸ ಎಂಬುದನ್ನು ಒಪ್ಪುತ್ತೇನೆ, ಆದರೆ ಬೇರೆ ದಾರಿ ಇರಲಿಲ್ಲ.

ಈ ಎಲ್ಲ ರಗಳೆ ಬೇಡವೆಂದು ನೇರವಾಗಿ Data Saver ಒತ್ತುವವರಿದ್ದಾರೆ. ನಾನು ಅದನ್ನು ಮೊದಲ ಮದ್ದಾಗಿ ಹೇಳುವುದಿಲ್ಲ. ಸ್ಪಾಟಿಫೈನಲ್ಲಿ ಅದು Canvas ನಿಲ್ಲಿಸುವುದರ ಜೊತೆಗೆ ಧ್ವನಿಯನ್ನೂ ಸೆಕೆಂಡಿಗೆ ಸುಮಾರು 24 ಕಿಲೋಬಿಟ್‌ನ ಕನಿಷ್ಠ ದರ್ಜೆಗೆ ಇಳಿಸುತ್ತದೆ. ಬಸ್ಸಿನ ಸದ್ದಿನಲ್ಲಿ ಅದು ನಡೆದೀತು. ಮನೆಯಲ್ಲಿ ಹೆಡ್‌ಫೋನ್ ಹಾಕಿ ಕೂತರೆ ತಾಳದ ಚುರುಕು, ತಂಬೂರಿಯ ಗುಂಗು ಎರಡೂ ಮಸುಕಾಗಿ ಕೇಳುತ್ತವೆ, ಆಗ ಜನ ಸ್ಪೀಕರ್ ಕೆಟ್ಟಿದೆ ಎಂದು ಫೋನು ತರುತ್ತಾರೆ. 150 ನಿಮಿಷಕ್ಕೆ 108 ಎಂಬಿಯ ಬದಲು 27 ಎಂಬಿ ಸಾಕಾಗುವುದು ನಿಜ, ಆದರೆ 1.5 ಜಿಬಿ ಇರುವವರು 81 ಎಂಬಿ ಉಳಿಸಲು ಹಾಡಿನ ಸೊಗಸನ್ನು ಬಿಟ್ಟುಕೊಡಬೇಕಾಗಿಲ್ಲ. Canvas ಒಂದನ್ನೇ ಆಫ್ ಮಾಡಿ, ಮೊಬೈಲ್ ನೆಟ್ಟಿನ ಧ್ವನಿಯ ಗುಣಮಟ್ಟವನ್ನು Normal ಎಂದು ಇಟ್ಟುಕೊಳ್ಳುವುದು ನನ್ನ ಸಲಹೆ. ತಿಂಗಳಿಗೆ ಒಂದೆರಡು ಜಿಬಿ ಮಾತ್ರ ಸಿಗುವ ಪ್ಲ್ಯಾನಿನವರಿಗೆ Data Saver ಸರಿಯಾದೀತು.

ಡೌನ್‌ಲೋಡ್ ಮಾಡಿಟ್ಟ ಹಾಡು ಕೇಳಿದರೂ ಚೂರುಪಾರು ಡೇಟಾ ಹೋಗುತ್ತದೆ ಎಂಬ ದೂರೂ ಇದೆ. ಧ್ವನಿ ಫೋನಿನಲ್ಲೇ ಇದ್ದರೂ ನೆಟ್ ಆನ್ ಇದ್ದರೆ ತುಣುಕು ಹೊರಗಿನಿಂದ ಬರಬಹುದು, ಆದ್ದರಿಂದ ಅಂಥವರೂ Canvas ಆಫ್ ಮಾಡುವುದು ಒಳ್ಳೆಯದು.

ಬದಲಾಯಿಸಿದ್ದು ಫಲ ಕೊಟ್ಟಿತೇ ಎಂದು ನೋಡಲು, ಆ್ಯಪ್‌ನ ಗುರುತನ್ನು ಒತ್ತಿ ಹಿಡಿದು App info ತೆರೆದು ಮೊಬೈಲ್ ಡೇಟಾ ಬಳಕೆಯ ಅಂಕಿಯನ್ನು ಬರೆದುಕೊಳ್ಳಿ, ವೈಫೈ ಆಫ್ ಮಾಡಿ ಐದಾರು ಹಾಡು ಕೇಳಿ, ಮತ್ತೆ ಅಂಕಿ ನೋಡಿ. ಈ ಪರೀಕ್ಷೆಗೆ ಹಿಂದೆ ಕೇಳಿರದ ಹಾಡುಗಳನ್ನೇ ಆರಿಸಿ. ಕೇಳಿದ ಹಾಡಾದರೆ ಫೋನಿನಲ್ಲಿ ಉಳಿದಿರುವ ಪ್ರತಿಯಿಂದಲೇ ನಡೆದು ಲೆಕ್ಕ ತಪ್ಪುತ್ತದೆ. ನಾಲ್ಕು ನಿಮಿಷದ ಹಾಡೊಂದಕ್ಕೆ ಮೂರರಿಂದ ನಾಲ್ಕು ಎಂಬಿ ಬಂದರೆ ಬರೀ ಧ್ವನಿ ಬರುತ್ತಿದೆ ಎಂದರ್ಥ. ಇಪ್ಪತ್ತು ಮೂವತ್ತು ಎಂಬಿ ತೋರಿಸಿದರೆ ಎಲ್ಲೋ ವಿಡಿಯೋ ಇನ್ನೂ ಓಡುತ್ತಿದೆ, ಪಟ್ಟಿಯನ್ನು ಮತ್ತೊಮ್ಮೆ ತೆರೆದು ನೋಡಬೇಕು.