ಪೋಲಿಂಗ್ ಇಂಟರ್ವಲ್: ಕೆಲಸ ಬಂತಾ ಅಂತ ಎಷ್ಟು ಹೊತ್ತಿಗೊಮ್ಮೆ ನೋಡಬೇಕು?

ಸರ್ವರ್‌ನಲ್ಲಿ ಕೂತ ಒಂದು ಪ್ರೋಗ್ರಾಂ ನಿಗದಿತ ಹೊತ್ತಿಗೊಮ್ಮೆ ಎದ್ದು, "ಹೊಸ ಕೆಲಸ ಬಂದಿದೆಯಾ?" ಎಂದು ಡೇಟಾಬೇಸ್ ನೋಡುತ್ತದೆ. ಇದ್ದರೆ ಮಾಡಿ ಮುಗಿಸುತ್ತದೆ, ಇಲ್ಲದಿದ್ದರೆ ಸುಮ್ಮನಾಗುತ್ತದೆ. ಹೀಗೆ ನೋಡುವುದಕ್ಕೆ ಪೋಲಿಂಗ್ ಎನ್ನುತ್ತಾರೆ. ಒಂದು ಸಲ ನೋಡಿದ್ದಕ್ಕೂ ಮತ್ತೊಂದು ಸಲ ನೋಡುವುದಕ್ಕೂ ನಡುವಿನ ಅವಧಿಯೇ ಪೋಲಿಂಗ್ ಇಂಟರ್ವಲ್. ಹೆಚ್ಚಿನ ಕಡೆ ಈ ಸಂಖ್ಯೆಯನ್ನು ಯಾರೂ ಯೋಚಿಸಿ ಇಟ್ಟಿರುವುದಿಲ್ಲ. ಹಳೆಯ ಫೈಲಿನಲ್ಲಿ 5 ನಿಮಿಷ ಇತ್ತು, ಹೊಸದರಲ್ಲೂ 5 ನಿಮಿಷ, ಅಷ್ಟೇ.

ಈ ಸಂಖ್ಯೆ ಕಂಪ್ಯೂಟರಿನಿಂದ ಹುಟ್ಟಬಾರದು. ಕೆಲಸ ಮುಗಿಯಲೆಂದು ಕಾಯುತ್ತಿರುವವರು ಯಾರು, ಅವರು ಎಷ್ಟು ಹೊತ್ತು ಕಾಯಬಲ್ಲರು ಎಂಬುದರಿಂದ ಹುಟ್ಟಬೇಕು. ಗಂಗಾವತಿ ಕಡೆಯ ಒಂದು ರೈಸ್ ಮಿಲ್ಲನ್ನು ಉದಾಹರಣೆಗೆ ಇಟ್ಟುಕೊಳ್ಳೋಣ.

ಭತ್ತದ ಟ್ರ್ಯಾಕ್ಟರ್ ಒಳಗೆ ಬಂದಾಗ ಕಾಟಾದ ಮೇಲೆ ಒಂದು ತೂಕ. ಹಮಾಲರು ಮಾಲು ಇಳಿಸಿದ ಮೇಲೆ ಖಾಲಿ ಗಾಡಿಯದು ಇನ್ನೊಂದು ತೂಕ. ಎರಡನೆಯ ತೂಕ ಡೇಟಾಬೇಸಿಗೆ ಬಿದ್ದ ಕೂಡಲೇ ಮೂರು ಕೆಲಸ ಬಾಕಿ ಉಳಿಯುತ್ತವೆ: ಗೇಟ್ ಪಾಸ್ ಪ್ರಿಂಟ್ ಆಗಬೇಕು, ರೈತನ ಬಿಲ್ ತಯಾರಾಗಿ ಮೊಬೈಲಿಗೆ ಮೆಸೇಜ್ ಹೋಗಬೇಕು, ದುಡ್ಡು ಹಾಕಲು ಬ್ಯಾಂಕಿನ ಫೈಲ್ ಸಿದ್ಧವಾಗಬೇಕು. ಮೂರಕ್ಕೂ ಒಂದೇ ಇಂಟರ್ವಲ್ ಇಟ್ಟರೆ, ಒಂದಕ್ಕೆ ತಡವಾಗುತ್ತದೆ, ಇನ್ನೊಂದಕ್ಕೆ ದಂಡವಾಗುತ್ತದೆ.

ಮೊದಲು ಗೇಟ್ ಪಾಸ್. ಸಾವ್ಕಾರರನ್ನು "ಎಷ್ಟು ಬೇಗ ಬೇಕ್ರಿ?" ಎಂದು ಕೇಳಬೇಡಿ. ಯಾರನ್ನು ಕೇಳಿದರೂ "ತಕ್ಷಣ" ಅಂತಲೇ ಅನ್ನುತ್ತಾರೆ. "ಖಾಲಿ ಗಾಡಿ ಗೇಟಿನ ಮುಂದೆ ಎಷ್ಟು ಹೊತ್ತು ನಿಂತರೆ ತ್ರಾಸ ಆಗ್ತದ್ರಿ?" ಎಂದು ಕೇಳಿ. "ಮೂರು ನಿಮಿಷ ನಡೀತದ್ರಿ, ಅದಕ್ಕಿಂತ ಹೆಚ್ಚಾದ್ರ ಹಿಂದಿನ ಗಾಡಿ ರಸ್ತೆ ಮ್ಯಾಲೆ ನಿಲ್ತಾವ" ಎಂದರು ಅನ್ನಿ. ಈಗ ಕೈಗೊಂದು ಮಿತಿ ಸಿಕ್ಕಿತು: 180 ಸೆಕೆಂಡ್.

ಪಾಸ್ ತಯಾರಾಗಿ ಪ್ರಿಂಟರಿನಿಂದ ಹೊರಬರಲು 20 ಸೆಕೆಂಡ್ ಹಿಡಿಯುತ್ತದೆ ಎಂದುಕೊಳ್ಳೋಣ. ಪ್ರೋಗ್ರಾಂ ನೋಡಿ ಹೋದ ಮರುಕ್ಷಣವೇ ತೂಕ ಬಿದ್ದರೆ ಒಂದು ಪೂರ್ತಿ ಇಂಟರ್ವಲ್ ಕಾಯಬೇಕು. ಮುಂದಿನ ಸುತ್ತು ನೆಟ್‌ವರ್ಕ್ ಕೈಕೊಟ್ಟು ವಿಫಲವಾದರೆ ಇನ್ನೊಂದು ಇಂಟರ್ವಲ್. ಒಂದು ಸುತ್ತು ತಪ್ಪಿದರೂ ಮಾತು ಉಳಿಯಬೇಕೆಂದರೆ, ಎರಡು ಇಂಟರ್ವಲ್ಲಿಗೆ 20 ಸೆಕೆಂಡ್ ಕೂಡಿಸಿದ್ದು 180 ದಾಟಬಾರದು. ಅಂದರೆ ಇಂಟರ್ವಲ್ 80 ಸೆಕೆಂಡಿನೊಳಗೆ ಇರಬೇಕು. ಹೇಳಿದ ಹೊತ್ತಿಗೆ ಪ್ರೋಗ್ರಾಂಗಳನ್ನು ಎಬ್ಬಿಸುವ ಕ್ರಾನ್‌ನಲ್ಲಿ ಅತಿ ಕಡಿಮೆ ಅವಧಿ ಒಂದು ನಿಮಿಷ, ಅದೇ ಇಲ್ಲಿಗೆ ಸರಿ ಹೊಂದುತ್ತದೆ. ಒಂದು ಸುತ್ತು ಕೆಟ್ಟರೂ 140 ಸೆಕೆಂಡಿನಲ್ಲಿ ಪಾಸ್ ಕೈಗೆ ಬರುತ್ತದೆ. ಇದನ್ನು 10 ಸೆಕೆಂಡಿಗೆ ಇಳಿಸಿದರೆ ದಿನಕ್ಕೆ 1,440 ಸಲದ ಬದಲು 8,640 ಸಲ ಡೇಟಾಬೇಸ್ ತಟ್ಟಬೇಕು. ಅಷ್ಟಾದರೂ ಗೇಟಿನಲ್ಲಿ ಯಾರಿಗೂ ಬೇಕಿಲ್ಲದ ಕೆಲವು ಸೆಕೆಂಡುಗಳಷ್ಟೇ ಉಳಿಯುವುದು. ಎರಡು ಸೆಕೆಂಡಿನಲ್ಲೇ ಪಾಸ್ ಬರಬೇಕು ಎಂಬ ಜಾಗವಿದ್ದರೆ ಪೋಲಿಂಗ್ ಬಿಟ್ಟುಬಿಡಿ, ಕಾಟಾದ ಪ್ರೋಗ್ರಾಮೇ ನೇರವಾಗಿ ಸುದ್ದಿ ಮುಟ್ಟಿಸಲಿ.

ಬಿಲ್ಲಿನ ಮೆಸೇಜಿಗೆ ಇಷ್ಟು ಅವಸರವಿಲ್ಲ. ಒಂದು ಗಂಟೆಯೊಳಗೆ ಹೋದರೆ ಸಾಕು ಎಂದಾದರೆ, ಕೆಲಸಕ್ಕೆ 2 ನಿಮಿಷ ತೆಗೆದು ಉಳಿದದ್ದನ್ನು ಅರ್ಧ ಮಾಡಿದರೆ 29 ನಿಮಿಷ. ಇಲ್ಲಿ ಕ್ರಾನಿನ ಒಂದು ಮೋಸ ಗೊತ್ತಿರಬೇಕು. `*/29` ಎಂದು ಬರೆದರೆ 29 ನಿಮಿಷಕ್ಕೊಮ್ಮೆ ಓಡುವುದಿಲ್ಲ. ಪ್ರತಿ ಗಂಟೆಯ 0, 29, 58ನೇ ನಿಮಿಷಕ್ಕೆ ಓಡಿ, ಎರಡೇ ನಿಮಿಷ ಬಿಟ್ಟು ಮತ್ತೆ ಓಡುತ್ತದೆ. 60ನ್ನು ಸರಿಯಾಗಿ ಭಾಗಿಸುವ ಸಂಖ್ಯೆ ಬೇಕು, ಹಾಗಾಗಿ 20 ಇಡೋಣ. ಆದರೆ ಬಿಲ್ ಮಾಡುವುದು ಒಂದು ಜಾಬ್, ಮೆಸೇಜ್ ಕಳಿಸುವುದು ಇನ್ನೊಂದು ಜಾಬ್ ಆಗಿದ್ದರೆ ಲೆಕ್ಕ ತಪ್ಪುತ್ತದೆ. ಎರಡೂ 20 ನಿಮಿಷಕ್ಕೊಮ್ಮೆ ಓಡಿದರೆ ಕಾಯುವಿಕೆ ಒಂದರ ಮೇಲೊಂದು ಕೂಡಿ 40 ನಿಮಿಷ ದಾಟಬಹುದು. ನಡುವೆ ಒಂದು ಸುತ್ತು ತಪ್ಪಿದರೆ ಗಂಟೆಯ ಮಿತಿಯೂ ಮುರಿಯುತ್ತದೆ. ಒಂದು ಗಂಟೆ ಎಂಬುದು ಇಡೀ ಸರಪಳಿಗೆ ಸೇರಿದ್ದು, ಪ್ರತಿ ಕೊಂಡಿಗೂ ಬೇರೆ ಬೇರೆ ಗಂಟೆ ಸಿಗುವುದಿಲ್ಲ. ಎರಡನ್ನೂ ಒಂದೇ ಜಾಬಿನಲ್ಲಿ ಸೇರಿಸುವುದು ನನಗೆ ಮೇಲು ಅನ್ನಿಸುತ್ತದೆ.

ಇನ್ನು ಬ್ಯಾಂಕಿನ ಫೈಲ್. ಸಾವ್ಕಾರರು ಸಂಜೆ ನಾಲ್ಕಕ್ಕೆ ಒಮ್ಮೆ ಪಟ್ಟಿ ನೋಡಿ ಒಪ್ಪಿಗೆ ಕೊಡುವುದು ರೂಢಿಯಾದರೆ, ಮುಂಜಾನೆಯಿಂದ ನಿಮಿಷಕ್ಕೊಮ್ಮೆ ಫೈಲ್ ಕಟ್ಟುತ್ತಾ ಕೂತರೂ ದುಡ್ಡು ಒಂದು ನಿಮಿಷ ಮುಂಚೆ ಹೋಗುವುದಿಲ್ಲ. ಅಲ್ಲದೆ ನೆಫ್ಟ್ ಪಾವತಿಗಳು ದಿನಕ್ಕೆ 48 ಬ್ಯಾಚುಗಳಲ್ಲಿ, ಅರ್ಧ ಗಂಟೆಗೊಮ್ಮೆ ಇತ್ಯರ್ಥವಾಗುತ್ತವೆ. 2019ರ ಡಿಸೆಂಬರಿನಿಂದ ಹಗಲು ರಾತ್ರಿ ಎನ್ನದೆ ನಡೆಯುತ್ತಿರುವ ಪದ್ಧತಿ ಇದು. ಮುಂದೆ ಒಪ್ಪಿಗೆಗೂ ಬ್ಯಾಚಿಗೂ ಕಾಯಲೇಬೇಕಾದಾಗ ನಮ್ಮ ಜಾಬ್ ಅವಸರಪಟ್ಟು ಪ್ರಯೋಜನವಿಲ್ಲ. ಮೂರೂಮುಕ್ಕಾಲಿಗೆ ಒಮ್ಮೆ ಓಡಿದರೆ ಸಾಕು.

ಸುಗ್ಗಿಯಲ್ಲಿ ಬೇರೆ ತೊಂದರೆ ಬರುತ್ತದೆ. ನವೆಂಬರ್-ಡಿಸೆಂಬರಿನಲ್ಲಿ ಗಾಡಿಗಳ ಸಾಲು ಬೆಳೆದಂತೆ ಡೇಟಾಬೇಸಿನಲ್ಲಿ ತೂಕದ ಚೀಟಿಗಳ ಟೇಬಲ್ಲೂ ಬೆಳೆಯುತ್ತದೆ. ಪಾಸ್ ಆಗದ ಚೀಟಿ ಹುಡುಕಲು ಹಳೆಯವನ್ನೆಲ್ಲ ತಿರುವಿಹಾಕುವ ಪ್ರೋಗ್ರಾಂ 20 ಸೆಕೆಂಡಿನ ಬದಲು 70 ಸೆಕೆಂಡ್ ತೆಗೆದುಕೊಂಡಿತೆಂದರೆ, ಮೊದಲನೆಯದು ಮುಗಿಯುವ ಮುಂಚೆಯೇ ಕ್ರಾನ್ ಎರಡನೆಯದನ್ನು ಎಬ್ಬಿಸುತ್ತದೆ. ಎರಡೂ ಒಂದೇ ಚೀಟಿ ಹಿಡಿದುಕೊಂಡು ಒಂದೇ ಗಾಡಿಗೆ ಎರಡು ಪಾಸ್ ಪ್ರಿಂಟ್ ಆಗುತ್ತವೆ. ಗೇಟಿನವನು ಎರಡು ಪಾಸ್ ತೋರಿಸಿದಾಗಲೇ ಇದು ಬಯಲಾಗುವುದು. ಪಾಸ್ ತಡ ಅಂತ ಇಂಟರ್ವಲ್ ಇನ್ನೂ ಕಡಿಮೆ ಮಾಡುವವರಿದ್ದಾರೆ, ಅದರಿಂದ ಭಾರ ಹೆಚ್ಚಿ ಕೆಲಸ ಇನ್ನಷ್ಟು ಕೆಡುತ್ತದೆ. ಬಾಕಿ ಚೀಟಿಗಳ ಮೇಲೆ ಇಂಡೆಕ್ಸ್ ಹಾಕಬೇಕು, ಒಂದು ಓಡುತ್ತಿರುವಾಗ ಇನ್ನೊಂದು ಶುರುವಾಗದಂತೆ ಬೀಗವನ್ನೂ ಹಾಕಬೇಕು. ಲಿನಕ್ಸಿನಲ್ಲಿ ಬೀಗ ಹೀಗಿರುತ್ತದೆ:

```
* * * * * flock -n /tmp/pass.lock /opt/mill/pass.sh
```

ಆರಿಸಿದ ಸಂಖ್ಯೆ ಸರಿಯೋ ಅಲ್ಲವೋ ತಿಳಿಯಲು ಪ್ರತಿ ಚೀಟಿಗೂ ಎರಡು ಸಮಯ ಬರೆದಿಡಿ: ತೂಕ ಬಿದ್ದದ್ದು, ಪಾಸ್ ಆದದ್ದು. ದಿನದ ಅತಿ ಹೆಚ್ಚಿನ ಅಂತರ ನೋಡಿ. ಸರಾಸರಿ ಇಲ್ಲಿ ಕೆಲಸಕ್ಕೆ ಬಾರದು, ರಸ್ತೆಗೆ ಅಡ್ಡ ನಿಲ್ಲುವುದು ಅತಿ ತಡವಾದ ಗಾಡಿಯೇ. ಪೋಸ್ಟ್‌ಗ್ರೆಸ್‌ನಲ್ಲಾದರೆ:

```sql
SELECT max(coalesce(pass_at, now()) - weighed_at)
FROM slips WHERE weighed_at >= current_date;
```

ಇದರಲ್ಲಿ `coalesce` ಬಿಟ್ಟರೆ, ಪಾಸೇ ಆಗದೆ ಸಿಕ್ಕಿಬಿದ್ದ ಚೀಟಿ ಲೆಕ್ಕಕ್ಕೇ ಬರುವುದಿಲ್ಲ. ಗೇಟಿನಲ್ಲಿ ಡ್ರೈವರ್ ಕೂಗಾಡುತ್ತಿರುವಾಗಲೂ ಪರದೆ ಮೇಲೆ ಎಲ್ಲ ಚೆನ್ನಾಗಿದೆ ಅಂತಲೇ ಕಾಣುತ್ತದೆ.