ಬಣ್ಣದ ಮುಚ್ಚಳದಿಂದ ಸ್ಥಾನಬೆಲೆ ಬರುವುದಿಲ್ಲ

ಪ್ರಶ್ನೆ: ಬಿಸಾಡುವ ವಸ್ತುಗಳಿಂದ ಗಣಿತದ ಕಿಟ್ ಮಾಡಬೇಕೆಂದುಕೊಂಡಿದ್ದೇನೆ. ಬಾಟಲಿಯ ಮುಚ್ಚಳಗಳು ಸಾಕಷ್ಟು ಕೂಡಿವೆ. ಹಸಿರು ಬಿಡಿ, ನೀಲಿ ಹತ್ತು, ಕೆಂಪು ನೂರು ಎಂದು ಇಟ್ಟುಕೊಂಡು ಸ್ಥಾನಬೆಲೆ ಕಲಿಸಬಹುದಲ್ಲವೇ? ಕಿಟ್‌ನಲ್ಲಿ ಇನ್ನೇನಿರಬೇಕು? ಯಾವುದು ಯಾವ ಪರಿಕಲ್ಪನೆಗೆ?

ಉತ್ತರ: ಈ ಪ್ರಶ್ನೆಗೆ ಎಷ್ಟನೆಯ ಸಲ ಉತ್ತರಿಸುತ್ತಿದ್ದೇನೆ ಎಂದು ಎಣಿಸುವುದನ್ನು ಬಿಟ್ಟಿದ್ದೇನೆ. ಬಣ್ಣಗಳು ಮಾತ್ರ ಬದಲಾಗುತ್ತವೆ, ಪ್ರಶ್ನೆ ಅದೇ. ಆದ್ದರಿಂದ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಮುಚ್ಚಳಗಳನ್ನು ಎಸೆಯಬೇಡಿ, ಅವುಗಳಿಗೂ ಕೆಲಸವಿದೆ. ಆದರೆ ಮೊದಲು ಅವುಗಳನ್ನು ಚೀಲಕ್ಕೆ ಹಾಕಿ ಪಕ್ಕಕ್ಕಿಡಿ.

ಸ್ಥಾನಬೆಲೆಗೆ ಬೇಕಾಗಿರುವುದು ಕಡ್ಡಿ ಮತ್ತು ರಬ್ಬರ್ ಬ್ಯಾಂಡ್, ಇಷ್ಟೇ. ಐಸ್‌ಕ್ರೀಂ ಕಡ್ಡಿಯಾಗಲಿ, ಖಾಲಿಯಾದ ಪೆನ್ನಿನ ರೀಫಿಲ್ ಆಗಲಿ, ಒಂದು ಕಿಟ್‌ನಲ್ಲಿರುವ ಕಡ್ಡಿಗಳೆಲ್ಲ ಒಂದೇ ಬಗೆಯವು, ಒಂದೇ ಉದ್ದದವು ಆಗಿರಬೇಕು. ಉದ್ದ ಹೆಚ್ಚುಕಡಿಮೆಯಾದರೆ ಮಗು ದೊಡ್ಡ ಕಡ್ಡಿಗೆ ಹೆಚ್ಚು ಬೆಲೆಯಿದೆ ಎಂದು ತನ್ನದೇ ಲೆಕ್ಕ ಹಾಕಿಕೊಳ್ಳುತ್ತದೆ, ಅದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಇಬ್ಬರು ಮಕ್ಕಳಿಗೆ ಸುಮಾರು 120 ಕಡ್ಡಿ ಸಾಕು: ಹತ್ತರ ಹತ್ತು ಕಟ್ಟುಗಳು, ಮೇಲೆ ಇಪ್ಪತ್ತು ಬಿಡಿ. ರಬ್ಬರ್ ಬ್ಯಾಂಡ್ ಕೆಲವು ತಿಂಗಳಲ್ಲಿ ಒಣಗಿ ತುಂಡಾಗುತ್ತದೆ. ಹಳೆಯ ಸೈಕಲ್ ಟ್ಯೂಬನ್ನು ಅಡ್ಡಕ್ಕೆ ತೆಳುವಾಗಿ ಕತ್ತರಿಸಿದರೆ ಸಿಗುವ ಬಳೆಗಳು ಅದಕ್ಕಿಂತ ಗಟ್ಟಿ.

ಕಟ್ಟುಗಳನ್ನು ನೀವೇ ಕಟ್ಟಿ ಕೊಡಬೇಡಿ. ಇಲ್ಲಿಯೇ ಬಹಳಷ್ಟು ಮಂದಿ ಎಡವುತ್ತಾರೆ. ಅಚ್ಚುಕಟ್ಟಾಗಿ ಕಟ್ಟಿಟ್ಟ ಕಿಟ್ ನೋಡಲು ಚೆನ್ನಾಗಿರುತ್ತದೆ, ಆದರೆ ಹತ್ತು ಬಿಡಿಗಳು ಸೇರಿ ಒಂದು ಹತ್ತಾಗುವ ಕ್ಷಣ ನಿಮ್ಮ ಮನೆಯಲ್ಲಿ, ನಿಮ್ಮ ಕೈಯಲ್ಲಿ ಮುಗಿದುಹೋಗಿರುತ್ತದೆ. ಮಗು ಎಣಿಸಿ ತಾನೇ ಕಟ್ಟಬೇಕು.

ಈಗ 52ರಿಂದ 27 ಕಳೆಯೋಣ. ಮೇಜಿನ ಮೇಲೆ ಐದು ಕಟ್ಟು, ಎರಡು ಬಿಡಿ. ಅಷ್ಟೇ. 27ನ್ನು ಕಡ್ಡಿಗಳಲ್ಲಿ ಬೇರೆಯಾಗಿ ಇಡಬೇಡಿ. ಕೂಡುವಾಗ ಎರಡೂ ಸಂಖ್ಯೆಗಳು ಮೇಜಿನ ಮೇಲಿರಬೇಕು, ಕಳೆಯುವಾಗ ಒಂದೇ ಇರಬೇಕು, ಏಕೆಂದರೆ ಕಳೆಯಬೇಕಾದದ್ದು ಅದರೊಳಗೇ ಇದೆ. ಎರಡನ್ನೂ ಇಟ್ಟರೆ ಮಗು ಏಳರಿಂದ ಎರಡನ್ನು ಕಳೆದು 35 ಎಂದು ಬರೆದುಬಿಡುತ್ತದೆ. ಒಂದನ್ನೇ ಇಟ್ಟರೆ ಆ ತಪ್ಪು ಮಾಡಲು ಮೇಜಿನ ಮೇಲೆ ಏಳು ಇರುವುದೇ ಇಲ್ಲ.

ಏಳು ಬಿಡಿ ತೆಗೆ ಎನ್ನುತ್ತೀರಿ. ಎರಡೇ ಇವೆ. ಮಗು ನಿಮ್ಮ ಮುಖ ನೋಡುತ್ತದೆ, ನೀವು ಸುಮ್ಮನಿರಿ. ಸ್ವಲ್ಪ ಹೊತ್ತಿನಲ್ಲಿ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಕಳಚುತ್ತದೆ. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಇಲ್ಲಿ ನಿಲ್ಲಿಸಿ ಕೇಳಿ: ಒಟ್ಟು ಎಷ್ಟು ಕಡ್ಡಿ ಇವೆ? ಒಂದರಿಂದ ಮತ್ತೆ ಎಣಿಸಲು ಹೊರಟರೆ ಇನ್ನೂ ಕೆಲವು ದಿನ ಕಟ್ಟುವ, ಬಿಚ್ಚುವ ಆಟ ಬೇಕು. ಎಣಿಸದೆ 52 ಎಂದರೆ ವಿಷಯ ತಲೆಗೆ ಇಳಿದಿದೆ. ಉಳಿದದ್ದು ಸುಲಭ: ಏಳು ಬಿಡಿ ತೆಗೆದರೆ ಐದು, ಎರಡು ಕಟ್ಟು ತೆಗೆದರೆ ಎರಡು, ಉತ್ತರ 25. ನಾವು ‘ಸಾಲ ತೆಗೆದುಕೊಳ್ಳುವುದು’ ಎಂದು ಹೇಳಿಕೊಟ್ಟಿದ್ದೇವಲ್ಲ, ಅದು ಈ ಬಿಚ್ಚುವಿಕೆಯೇ. ಸಾಲ ಎಂಬ ಮಾತು ನನಗೆ ಎಂದೂ ಹಿಡಿಸಿಲ್ಲ. ಮರಳಿ ಕೊಡುವ ಮಾತೇ ಇಲ್ಲದ ಸಾಲ ಯಾವುದು ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ್ದ, ಉತ್ತರ ಹೊಳೆದಿರಲಿಲ್ಲ.

ಇನ್ನು ನಿಮ್ಮ ಮುಚ್ಚಳಗಳಿಗೆ ಬರುತ್ತೇನೆ.

ಮೊದಲನೆಯ ತೊಂದರೆ ಎಲ್ಲರಿಗೂ ಕಾಣುವಂಥದ್ದು. ನೀಲಿ ಮುಚ್ಚಳವನ್ನು ಬಿಚ್ಚಲು ಬರುವುದಿಲ್ಲ. ಅದರೊಳಗೆ ಹತ್ತು ಹಸಿರು ಮುಚ್ಚಳಗಳಿಲ್ಲ. ‘ನೀಲಿ ಎಂದರೆ ಹತ್ತು’ ಎನ್ನುವುದು ನೀವು ಹೇಳಿದ ಮಾತು, ಮಗು ನಂಬಿದ ಮಾತು. ನಾಳೆ ನೀಲಿ ಎಂದರೆ ಎಂಟು ಎಂದರೂ ನಂಬುತ್ತದೆ. ಇದನ್ನು ಹೇಳಿದಾಗ ಕೆಲವರು ಒಪ್ಪುತ್ತಾರೆ, ಕೆಲವರು ‘ಅಭ್ಯಾಸವಾದರೆ ಸರಿಹೋಗುತ್ತದೆ’ ಎನ್ನುತ್ತಾರೆ. ಸರಿ, ಅಭ್ಯಾಸವಾಯಿತು ಎಂದೇ ಇಟ್ಟುಕೊಳ್ಳೋಣ.

ಎರಡನೆಯ ತೊಂದರೆಯೇ ದೊಡ್ಡದು. ಅದಕ್ಕೆ ಅಭ್ಯಾಸದಲ್ಲಿ ಮದ್ದಿಲ್ಲ. ಎರಡು ಕೆಂಪು, ನಾಲ್ಕು ನೀಲಿ, ಮೂರು ಹಸಿರು ಮುಚ್ಚಳ ತೆಗೆದುಕೊಳ್ಳಿ. 243. ಈಗ ಅವನ್ನೆಲ್ಲ ಕೈಯಲ್ಲಿ ಕಲಸಿ ಮೇಜಿನ ಮೇಲೆ ಚೆಲ್ಲಿ. ಎಷ್ಟಾಯಿತು? ಆಗಲೂ 243. ಹಸಿರು ಎಡಕ್ಕಿದ್ದರೂ ಕೆಂಪು ಬಲಕ್ಕಿದ್ದರೂ ಉತ್ತರ ಬದಲಾಗುವುದಿಲ್ಲ. ಅಂದರೆ ಬೆಲೆಯನ್ನು ಬಣ್ಣವೇ ಹೇಳಿಬಿಟ್ಟಿತು, ಸ್ಥಾನಕ್ಕೆ ಮಾಡಲು ಕೆಲಸವೇ ಉಳಿಯಲಿಲ್ಲ. ಸ್ಥಾನವೇ ಇಲ್ಲದ ಕಡೆ ಸ್ಥಾನಬೆಲೆಯನ್ನು ಹೇಗೆ ಕಲಿಸುತ್ತೀರಿ? 2 ಎಂಬ ಅದೇ ಅಂಕಿ ಒಂದು ಮನೆಯಲ್ಲಿ ಎರಡು, ಪಕ್ಕದ ಮನೆಯಲ್ಲಿ ಇಪ್ಪತ್ತು ಆಗುತ್ತದೆ ಎನ್ನುವುದೇ ಪಾಠದ ತಿರುಳು. ಬಣ್ಣ ಆ ತಿರುಳನ್ನೇ ತೆಗೆದುಹಾಕುತ್ತದೆ.

ಇದು ಹೊಸ ವ್ಯವಸ್ಥೆಯೂ ಅಲ್ಲ. ಪ್ರಾಚೀನ ಈಜಿಪ್ಟಿನವರ ಚಿತ್ರಲಿಪಿಯಲ್ಲಿ ಒಂದಕ್ಕೆ ಒಂದು ಗೀಟು, ಹತ್ತಕ್ಕೆ ಕಮಾನಿನಂಥ ಗುರುತು, ನೂರಕ್ಕೆ ಸುರುಳಿ ಹಗ್ಗ, ಹೀಗೆ ಬೇರೆ ಬೇರೆ ಚಿಹ್ನೆಗಳಿದ್ದವು. ಎಷ್ಟು ಬೇಕೋ ಅಷ್ಟು ಸಲ ಬರೆದು ಕೂಡಿಕೊಂಡರೆ ಸಂಖ್ಯೆ. ನಿಮ್ಮ ಕೆಂಪು, ನೀಲಿ, ಹಸಿರು ಅದೇ ಪದ್ಧತಿ. ಆ ಪದ್ಧತಿಯಲ್ಲಿ ಸಂಖ್ಯೆ ಬರೆಯಲು ಸೊನ್ನೆಯೇ ಬೇಕಾಗಿರಲಿಲ್ಲ. 305 ಎಂದರೆ ಮೂರು ಕೆಂಪು, ಐದು ಹಸಿರು, ಮುಗಿಯಿತು. ನೀಲಿ ಇಲ್ಲ ಎಂದು ಯಾರಿಗೂ ಹೇಳಬೇಕಾಗಿಲ್ಲ. ಅದೇ ಮಗು ಪುಸ್ತಕದಲ್ಲಿ ‘ಮುನ್ನೂರ ಐದು’ ಎಂಬುದನ್ನು 35 ಎಂದೋ 3005 ಎಂದೋ ಬರೆದಾಗ ನಾವು ಗದರುತ್ತೇವೆ. ಮುಚ್ಚಳಗಳಲ್ಲಿ ಆ ಖಾಲಿ ಜಾಗವನ್ನು ಅದು ನೋಡಿಯೇ ಇರಲಿಲ್ಲ.

ಹಾಗಾದರೆ ಮುಚ್ಚಳ ಬೇಕೇ ಬೇಡವೇ? ಬೇಕು, ಆದರೆ ಒಂದೇ ಬಣ್ಣದವು, ಅದೂ ಕಡ್ಡಿಗಳ ಪಾಠ ಮುಗಿದ ಮೇಲೆ. ರಟ್ಟಿನ ಪೆಟ್ಟಿಗೆಯ ಒಂದು ಮಗ್ಗುಲನ್ನು ಕತ್ತರಿಸಿ, ಗೆರೆ ಎಳೆದು ಮೂರು ಮನೆ ಮಾಡಿ: ಬಲದಿಂದ ಬಿಡಿ, ಹತ್ತು, ನೂರು. ಮೊದಲು ಈ ಮನೆಗಳಲ್ಲಿ ಕಡ್ಡಿ ಮತ್ತು ಕಟ್ಟುಗಳನ್ನೇ ಇಡಿಸಿ. ಕೆಲವು ದಿನ ಕಳೆದ ಮೇಲೆ ಬಿಡಿ ಕಡ್ಡಿಯ ಬದಲೂ ಕಟ್ಟಿನ ಬದಲೂ ಒಂದೊಂದು ಮುಚ್ಚಳ ಇಡಿಸಿ. ಬಿಡಿಯ ಮನೆಯಲ್ಲಿ ಹತ್ತನೆಯ ಮುಚ್ಚಳ ಬಂದ ಕೂಡಲೇ ಹತ್ತನ್ನೂ ಎತ್ತಿ, ಪಕ್ಕದ ಮನೆಗೆ ಒಂದನ್ನು ದಾಟಿಸಬೇಕು. 305 ಇಟ್ಟಾಗ ನಡುವಿನ ಮನೆ ಖಾಲಿ ಉಳಿಯುತ್ತದೆ. ಕೊನೆಗೆ ಮನೆಗಳ ಗೆರೆಗಳನ್ನು ಮುಚ್ಚಿ, ನಡುವೆ ಏನೂ ಇಲ್ಲ ಎಂಬುದನ್ನು ಈಗ ಹೇಗೆ ತೋರಿಸುವೆ ಎಂದು ಕೇಳಿ. ಸೊನ್ನೆ ಯಾಕೆ ಬೇಕು ಎನ್ನುವುದು ಆಗ ಮಗುವಿಗೇ ಹೊಳೆಯುತ್ತದೆ.

ಬಣ್ಣಗಳನ್ನು ಕೂಡಿಹಾಕಿದ್ದು ವ್ಯರ್ಥವಾಯಿತೆಂದು ಕೊರಗಬೇಡಿ. ಬಣ್ಣ ನಿಜವಾಗಿ ಕೆಲಸಕ್ಕೆ ಬರುವುದು ಋಣ ಸಂಖ್ಯೆಗಳಲ್ಲಿ. ಚೀನಾದ ಹಳೆಯ ಗಣಿತಜ್ಞರು ಎಣಿಕೆಯ ಕಡ್ಡಿಗಳಲ್ಲಿ ಧನಕ್ಕೆ ಕೆಂಪು, ಋಣಕ್ಕೆ ಕಪ್ಪು ಬಳಸುತ್ತಿದ್ದರು. ನೀವೂ ಎರಡೇ ಬಣ್ಣ ಇಟ್ಟುಕೊಳ್ಳಿ. ಒಂದು ಕೆಂಪು, ಒಂದು ಕಪ್ಪು ಜೋಡಿಯಾದರೆ ಸೊನ್ನೆ. ಈಗ 3 − (−2) ಮಾಡಿ ನೋಡಿ. ಮೂರು ಕೆಂಪು ಇವೆ, ಎರಡು ಕಪ್ಪು ತೆಗೆಯಬೇಕು, ಆದರೆ ಕಪ್ಪು ಒಂದೂ ಇಲ್ಲ. ಎರಡು ಜೋಡಿಗಳನ್ನು ತಂದು ಸೇರಿಸಿ. ಸೊನ್ನೆ ಸೇರಿಸಿದರೆ ಏನೂ ಬದಲಾಗುವುದಿಲ್ಲ. ಈಗ ಎರಡು ಕಪ್ಪು ತೆಗೆಯಿರಿ, ಐದು ಕೆಂಪು ಉಳಿಯುತ್ತವೆ. ‘ಮೈನಸ್ ಮೈನಸ್ ಪ್ಲಸ್’ ಎಂಬ ಮಂತ್ರವನ್ನು ಇಲ್ಲಿ ಯಾರೂ ಹೇಳಬೇಕಾಗಿಲ್ಲ. ಋಣವನ್ನು ಋಣದಿಂದ ಗುಣಿಸುವಾಗ ಮಾತ್ರ ಈ ಮುಚ್ಚಳಗಳನ್ನು ಎಳೆದಾಡಬೇಡಿ. ಎಷ್ಟೇ ಕಸರತ್ತು ಮಾಡಿದರೂ ಮಗುವಿಗೆ ಗೊಂದಲವೇ ಹೆಚ್ಚು.

ಕಿಟ್‌ಗೆ ಇನ್ನೇನು ಎಂದಿರಿ. ಭಿನ್ನರಾಶಿಗೆ ಹಳೆಯ ಪತ್ರಿಕೆಯಿಂದ 24 ಸೆಂ.ಮೀ. ಉದ್ದದ ಪಟ್ಟಿಗಳು. ಎರಡು, ಮೂರು, ನಾಲ್ಕು, ಆರು, ಎಂಟು ಭಾಗ ಮಾಡಿದರೂ ಅಳತೆ ಪೂರ್ಣ ಸೆಂಟಿಮೀಟರಿನಲ್ಲೇ ಬರುತ್ತದೆ, ಮಡಿಕೆ ತಪ್ಪಿದರೆ ಸ್ಕೇಲಿನಿಂದ ತಿದ್ದಬಹುದು. ಇಷ್ಟರಿಂದ ಶುರು ಮಾಡಿ.

ನೀವು ಕೇಳದೇ ಇದ್ದರೂ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಮುಚ್ಚಳ ಕೈಯಲ್ಲಿದ್ದವರು ಮುಂದೆ ಮಾಡುವುದು ಇದನ್ನೇ: ಸುತ್ತಲೂ ದಾರ ಸುತ್ತಿ, ಬಿಚ್ಚಿ ಅಳೆದು, ವ್ಯಾಸದಿಂದ ಭಾಗಿಸಿ ಪೈ ಬೆಲೆ ತೆಗೆಯುವುದು. ಬರುವುದು 3.3, 3.35. ಮಕ್ಕಳೆದುರು ಮುಜುಗರ. ಕೊನೆಗೆ ‘ಕೈ ಅಳತೆಯ ದೋಷ’ ಎಂದು ತೇಲಿಸಿಬಿಡುತ್ತಾರೆ. ಕೈಯ ದೋಷವಾಗಿದ್ದರೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರಬೇಕಿತ್ತು. ಇದು ಹೆಚ್ಚೇ ಬರುತ್ತದೆ, ಏಕೆಂದರೆ ದಾರಕ್ಕೂ ದಪ್ಪವಿದೆ. ವ್ಯಾಸ 30 ಮಿ.ಮೀ. ಇರುವ ಮುಚ್ಚಳಕ್ಕೆ 2 ಮಿ.ಮೀ. ದಪ್ಪದ ದಾರ ಸುತ್ತಿದರೆ ದಾರದ ನಡುಗೆರೆ 32 ಮಿ.ಮೀ. ವ್ಯಾಸದ ವೃತ್ತದಲ್ಲಿ ಸಾಗುತ್ತದೆ. ಬಿಚ್ಚಿದರೆ ಸುಮಾರು 100.5 ಮಿ.ಮೀ. ಅದನ್ನು 30ರಿಂದ ಭಾಗಿಸಿದರೆ 3.35. ದಾರವನ್ನು ಹತ್ತು ಸುತ್ತು ಸುತ್ತಿ ಸರಾಸರಿ ತೆಗೆದರೂ ಈ ದೋಷ ಹೋಗುವುದಿಲ್ಲ, ಪ್ರತಿ ಸುತ್ತಿನಲ್ಲೂ ಅದು ಕೂತಿರುತ್ತದೆ.

ವ್ಯಾಸ ಅಳೆಯುವಾಗಲೂ ಸ್ಕೇಲು ಸರಿಯಾಗಿ ನಡುವೆ ಬೀಳದೆ ಒಂದು ಮಿಲಿಮೀಟರ್ ಕಡಿಮೆ ಬಂದರೆ ಉತ್ತರ ಮತ್ತೆ ಮೇಲಕ್ಕೆ ಹೋಗುತ್ತದೆ. ಎರಡು ಬೆಂಕಿಪೊಟ್ಟಣಗಳನ್ನು ಸಮಾನಾಂತರವಾಗಿ ಇಟ್ಟು, ನಡುವೆ ವೃತ್ತವನ್ನು ಬಿಗಿಯಾಗಿ ಕೂರಿಸಿ, ಪೊಟ್ಟಣಗಳ ನಡುವಿನ ಅಂತರ ಅಳೆಯಿರಿ. ದಾರದ ಬದಲು ಪತ್ರಿಕೆಯ ಸಪೂರ ಪಟ್ಟಿ ಸುತ್ತಿ, ಒಂದರ ಮೇಲೊಂದು ಬಂದ ಕಡೆ ಗುಂಡುಸೂಜಿಯಿಂದ ಚುಚ್ಚಿ, ಬಿಡಿಸಿ, ಎರಡು ತೂತುಗಳ ನಡುವಿನ ಉದ್ದ ನೋಡಿ. ಮುಚ್ಚಳದ ಬದಲು ದೊಡ್ಡ ಡಬ್ಬಿಯಾದರೆ ಇನ್ನೂ ಒಳ್ಳೆಯದು: ವ್ಯಾಸ 300 ಮಿ.ಮೀ. ಇದ್ದರೆ ಅದೇ ದಪ್ಪ ದಾರದಲ್ಲೂ ಉತ್ತರ 3.16ಕ್ಕೆ ಇಳಿಯುತ್ತದೆ. ಬಾಟಲಿಯ ಮುಚ್ಚಳಕ್ಕೆ ಹೇಗೂ ಅಂಚಿನ ತುಂಬ ಗೀರುಗಳಿರುತ್ತವೆ, ಅದನ್ನು ಮತ್ತೆ ಮೂರು ಮನೆಯ ರಟ್ಟಿನ ಮೇಲಕ್ಕೇ ಕಳಿಸಿ.